ಗೋಡಂಬಿಯ ಒಂದು ಗ್ರಾಹಕ ವಿಮರ್ಶೆ ಮತ್ತು ಅದರ ತಿದ್ದುಪಡಿ

ಗೋವೆಯ ವಾಸ್ಕೊದಲ್ಲಿ ನೆಲೆಸಿರುವ ಕನ್ನಡಿಗ ಗೃಹಸ್ಥರೊಬ್ಬರು ಆನ್‌ಲೈನ್ ಅಂಗಡಿಯೊಂದರಿಂದ ಗೋಡಂಬಿ ತರಿಸಿಕೊಂಡು, ಅದನ್ನು ಕುರಿತು ಬರೆದ ಅಭಿಪ್ರಾಯವನ್ನು ಪ್ರಕಟಣೆಗೆ ಮುನ್ನ ತಿದ್ದಿಕೊಡಬೇಕೆಂದು ನನ್ನ ಬಳಿಗೆ ತಂದಿದ್ದರು. ಅದರ ಮೂಲರೂಪ ಹೀಗಿತ್ತು:

“ಗೋವಾ ಗೋಡಂಬಿ ಅಂತ ತರಿಸಿದೆ ಪೂರ್ತಿ ಮೋಸ. ತೂಕ ಕಡಿಮೆ, ಬೀಜಗಳು ಸಣ್ಣದಿತ್ತು, ಡಬ್ಲ್ಯು 240 ಅಲ್ಲವೇ ಅಲ್ಲ. ಮುಗ್ಗಲು ವಾಸನೆ ಬಂದು ಬಿಸಾಡಿದೆ. ಇದು ಗೋವಾದ್ದಲ್ಲ, ಆಫ್ರಿಕಾದ್ದು. ತಂದ ಹುಡುಗನೂ ತಡ ಮಾಡಿದ. ಯಾರೂ ತಗೋಬೇಡಿ.”

ಇದರಲ್ಲಿ ವ್ಯಾಕರಣದ ದೋಷಗಳು ಎರಡು. ‘ಬೀಜಗಳು’ ಎಂಬ ಬಹುವಚನಕ್ಕೆ ‘ಸಣ್ಣವಾಗಿದ್ದವು’ ಎಂಬ ಕ್ರಿಯೆ ಹೊಂದತಕ್ಕದ್ದು. ‘ವಾಸನೆ ಬಂದು ಬಿಸಾಡಿದೆ’ ಎಂಬಲ್ಲಿ ಬಂದುದು ವಾಸನೆ, ಬಿಸಾಡಿದವರು ಲೇಖಕರು ಆಗಿರುವುದರಿಂದ, ಕರ್ತೃ ಬೇರೆಬೇರೆಯಾದ ಎರಡು ಕ್ರಿಯೆಗಳು ಒಂದೇ ಸೂತ್ರದಲ್ಲಿ ಬಿಗಿಯಲ್ಪಟ್ಟಿವೆ. ಎರಡನೆಯ ದೋಷವನ್ನು ಬಿಡಿಸಹೊರಟಾಗಲೇ, ವಾಸನೆ ಬಂದುದು ಯಾವಾಗ ಎಂಬ ಪ್ರಶ್ನೆ ತಾನಾಗಿ ಎದ್ದಿತು. ವಿಚಾರಿಸಲಾಗಿ, ಪೊಟ್ಟಣವನ್ನು ಒಡೆದ ದಿನ ವಾಸನೆಯಿರಲಿಲ್ಲವೆಂದೂ, ಬಾಯಿ ಕಟ್ಟದೆ ಅಡುಗೆಮನೆಯಲ್ಲಿಟ್ಟ ಕೆಲವು ದಿನಗಳ ತರುವಾಯ ಮುಗ್ಗಿತೆಂದೂ ಅವರೇ ಹೇಳಿದರು. ಆಷಾಢದ ಮಳೆಯಲ್ಲಿ ಕರಾವಳಿಯ ಗಾಳಿಗೆ ತೆರೆದಿಟ್ಟ ಗೋಡಂಬಿ ತೇವವನ್ನು ಹೀರಿ ಮುಗ್ಗುವುದು ಸಹಜ. ಮಾರಿದವನನ್ನು ಅದಕ್ಕೆ ಹೊಣೆಯಾಗಿಸಲಾಗದು. ಒಡೆದ ಕ್ಷಣದಲ್ಲಿಯೇ ಎಣ್ಣೆ ಕೆಟ್ಟ ಕಮಟು ವಾಸನೆ ಬಂದಿದ್ದರೆ ಮಾತು ಬೇರೆಯಾಗುತ್ತಿತ್ತು. ಆ ವಾಕ್ಯವನ್ನು ಅವರ ಸಮ್ಮತಿಯಿಂದ ತೆಗೆದುಹಾಕಿದೆವು.

ತೂಕದ ಆರೋಪವೂ ಇದೇ ಬಗೆಯದು. 250 ಗ್ರಾಮಿನದೆಂದು ನಮೂದಾಗಿದ್ದ ಪೊಟ್ಟಣದ ಸರಕು, ಅವರ ಮನೆಯ ತಕ್ಕಡಿಯಲ್ಲಿ 244 ಗ್ರಾಂ ತೂಗಿತ್ತು. ಪೊಟ್ಟಣ ಕಟ್ಟಿದ ಸರಕುಗಳಿಗೆ ಅನ್ವಯಿಸುವ 2011ರ ನಿಯಮಗಳು ಇಂತಹ ಪೊಟ್ಟಣದಲ್ಲಿ 9 ಗ್ರಾಮಿನವರೆಗಿನ ಕೊರತೆಯನ್ನು ಸಹ್ಯವೆಂದೆಣಿಸುವುದರಿಂದ, ‘ಮೋಸ’ವೆಂಬ ಪದಕ್ಕೆ ಇಲ್ಲಿ ಆಧಾರವಿಲ್ಲ, ತೂಗಿದ ಅಂಕಿಯನ್ನಷ್ಟೇ ಬರೆದು ಓದುಗರ ವಿವೇಚನೆಗೆ ಬಿಡುವುದು ನ್ಯಾಯ.

ಆದರೆ ಗಾತ್ರದ ದೂರು ಮೂಲದಲ್ಲಿ ಅತ್ಯಂತ ದುರ್ಬಲವಾಗಿ ಹೇಳಲ್ಪಟ್ಟಿದ್ದರೂ ವಾಸ್ತವದಲ್ಲಿ ಅತ್ಯಂತ ಬಲವಾದದ್ದು. ಗೋಡಂಬಿಯ ವ್ಯಾಪಾರದಲ್ಲಿ ‘ಡಬ್ಲ್ಯು 240’ ಎಂದರೆ ಒಂದು ಪೌಂಡಿಗೆ, ಅಂದರೆ ಸುಮಾರು 454 ಗ್ರಾಮಿಗೆ, 220ರಿಂದ 240 ಇಡಿಯಾದ ಬಿಳಿ ಬೀಜಗಳಿರುವ ದರ್ಜೆ. ‘ಡಬ್ಲ್ಯು 320’ ಎಂದರೆ 300ರಿಂದ 320. ಸಂಖ್ಯೆ ಏರಿದಂತೆ ಬೀಜ ಕಿರಿದಾಗಿ ಬೆಲೆ ಇಳಿಯುತ್ತದೆ. ಆ ಲೆಕ್ಕದಂತೆ 244 ಗ್ರಾಮಿನಲ್ಲಿ ಸುಮಾರು 118ರಿಂದ 129 ಬೀಜಗಳಿರಬೇಕಾಗಿತ್ತು. ಅವರು ಎಣಿಸಿದಾಗ ದೊರೆತವು 168. ಇದು ನೇರವಾಗಿ 320ರ ದರ್ಜೆಗೆ ಸಲ್ಲುವ ಎಣಿಕೆ. ‘ಸಣ್ಣದಿತ್ತು’ ಎಂಬುದನ್ನು ಯಾವ ವ್ಯಾಪಾರಿಯಾದರೂ ಅಲ್ಲಗಳೆಯಬಲ್ಲನು. ಈ ಎಣಿಕೆಗೆ ಅವನು ಉತ್ತರ ಕೊಡಲೇಬೇಕು.

ಆಫ್ರಿಕಾದ ಮಾತು ಇದಕ್ಕೆ ತದ್ವಿರುದ್ಧ. ಗೋವೆಯ ಗೋಡಂಬಿಗೆ 2023ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಹೊರದೇಶದ ಬೀಜವನ್ನು ಗೋವೆಯದೆಂದು ಮಾರುತ್ತಾರೆಂಬ ದೂರು ಇಲ್ಲಿನ ಬೆಳೆಗಾರರಲ್ಲಿಯೂ ಇದೆ. ಆದರೂ ಸುಲಿದ ಬೀಜವನ್ನು ಕಣ್ಣಿನಿಂದ ನೋಡಿ ಅದರ ನೆಲವನ್ನು ನಿರ್ಣಯಿಸುವುದು ಕೊಳ್ಳುವವನಿಗೆ ಸಾಧ್ಯವಿಲ್ಲ. ಪೊಟ್ಟಣದ ಮೇಲೆ ಆ ಸೂಚಕದ ಚಿಹ್ನೆಯಿಲ್ಲವೆಂಬುದು ಮಾತ್ರ ಅವರು ಕಂಡ ಸಂಗತಿ. ಇನ್ನು ತಡವಾಗಿ ಬಂದುದು ಸಾಗಾಣಿಕೆಯ ದೋಷವಾದುದರಿಂದ, ಸರಕಿನ ವಿಮರ್ಶೆಯಲ್ಲಿ ಅದಕ್ಕೆ ಸ್ಥಾನವಿಲ್ಲ.

ತಿದ್ದಿದ ರೂಪ ಇದು:

“ಡಬ್ಲ್ಯು 240 ದರ್ಜೆಯ ಗೋವಾ ಗೋಡಂಬಿಯೆಂದು 250 ಗ್ರಾಮಿನ ಒಂದು ಪೊಟ್ಟಣ ತರಿಸಿದೆನು. ಮನೆಯ ತಕ್ಕಡಿಯಲ್ಲಿ 244 ಗ್ರಾಂ ತೂಗಿತು. ಎಣಿಸಿದಾಗ 168 ಬೀಜಗಳಿದ್ದವು. ಈ ಎಣಿಕೆ ಡಬ್ಲ್ಯು 320 ದರ್ಜೆಗೆ ಹೊಂದುತ್ತದೆ. ಭೌಗೋಳಿಕ ಸೂಚಕದ ಚಿಹ್ನೆ ಪೊಟ್ಟಣದ ಮೇಲಿರಲಿಲ್ಲ. ಒಡೆದಾಗ ಬೀಜಗಳು ಗರಿಗರಿಯಾಗಿದ್ದವು, ರುಚಿ ಚೆನ್ನಾಗಿತ್ತು. ಹೆಚ್ಚಿನ ದರ್ಜೆಯ ಬೆಲೆ ತೆತ್ತು ಕಡಿಮೆ ದರ್ಜೆಯ ಸರಕು ಪಡೆದುದಕ್ಕೆ ನನಗೆ ಅಸಮಾಧಾನವಿದೆ.”

ರುಚಿಯ ಮಾತು ಮೂಲದಲ್ಲಿರಲಿಲ್ಲ. ಕೇಳಿದ ಮೇಲೆ ಅವರೇ ಒಪ್ಪಿ ಸೇರಿಸಿದುದು. ಮಾರುವವನು ಗ್ರಾಹಕನ ಸೋಗಿನಲ್ಲಿ ವಿಮರ್ಶೆ ಬರೆಯುವುದನ್ನು 2020ರ ಇ-ವಾಣಿಜ್ಯ ನಿಯಮಗಳು ನಿಷೇಧಿಸಿವೆ. ತಿದ್ದುವವನು ಗ್ರಾಹಕನು ಕಾಣದ ಗುಣವನ್ನಾಗಲಿ ದೋಷವನ್ನಾಗಲಿ ಅವನ ಬಾಯಿಂದ ಆಡಿಸಿದರೆ ಅದೂ ಆ ಸೋಗಿಗೆ ಸಮೀಪದ್ದೇ. ಆದುದರಿಂದಲೇ ಅವರು ಕೊಟ್ಟಿದ್ದ ಒಂದು ನಕ್ಷತ್ರವನ್ನು ನಾನು ಮುಟ್ಟಲಿಲ್ಲ. ಅದು ಅವರ ತೀರ್ಪು.

ಹೊಸ ರೂಪದಲ್ಲಿ ಮೂಲದ ಸಿಟ್ಟಿನ ಕಾವು ಕುಗ್ಗಿದೆಯೆಂಬುದು ನಿಜ. ಆದರೆ ‘ಯಾರೂ ತಗೋಬೇಡಿ’ ಎಂಬ ಆಜ್ಞೆ ಒಂದೇ ಪೊಟ್ಟಣದ ಅನುಭವದಿಂದ ಹೊರಟದ್ದು. ‘ಒಂದು ಪೊಟ್ಟಣ’ ಎಂಬ ಮಾತು ಆ ಅನುಭವದ ಮಿತಿಯನ್ನು ಸ್ಪಷ್ಟಪಡಿಸಿ, ಮುಂದೆ ಕೊಳ್ಳುವವನಿಗೆ ತನ್ನ ಪೊಟ್ಟಣವನ್ನು ತಾನೇ ಎಣಿಸಿ ಈ ದೂರನ್ನು ದೃಢಪಡಿಸುವ ಅಥವಾ ಖಂಡಿಸುವ ದಾರಿಯನ್ನು ಒದಗಿಸುತ್ತದೆ.