ಕೈಬಿಟ್ಟ ಲಾಗರಿದಮ್: ಅಡ್ಡ ಕ್ಷೇತ್ರದಲ್ಲಿಟ್ಟ ಸಿಲಿಂಡರ್ ಮತ್ತು ಪಠ್ಯಪುಸ್ತಕ ಪರಂಪರೆ

ಏಕರೂಪ ವಿದ್ಯುತ್ ಕ್ಷೇತ್ರಕ್ಕೆ ಅಡ್ಡಲಾಗಿ ಉದ್ದನೆಯ ಲೋಹದ ಸಿಲಿಂಡರ್ ಇಟ್ಟರೆ ಸುತ್ತಲಿನ ವಿಭವ ಹೇಗಿರುತ್ತದೆ? ಮ್ಯಾಕ್ಸ್‌ವೆಲ್‌ನ 1873ರ ಮಹಾಗ್ರಂಥದ ನೆರಳಿನಲ್ಲಿ ಬೆಳೆದ ಪಠ್ಯಪುಸ್ತಕ ಪರಂಪರೆ ಪೀಳಿಗೆಯಿಂದ ಪೀಳಿಗೆಗೆ ದಾಟಿಸುತ್ತ ಬಂದಿರುವ ಲೆಕ್ಕ ಇದು. ಈ ಪರಂಪರೆ ಕಲಿಸುವ ವಿಧಾನ ಗಟ್ಟಿಯಾದದ್ದು. ಆದರೆ ಉತ್ತರದ ಒಂದು ಭಾಗವನ್ನು ಅದು ಕಾರಣ ಹೇಳದೆ ಬಿಡುತ್ತದೆ ಎಂಬುದು ನನ್ನ ತಕರಾರು.

ಮೊದಲು ಅದರ ಬಲವನ್ನು ನೋಡೋಣ. ಸಿಲಿಂಡರ್ ಬಹಳ ಉದ್ದವಾಗಿದ್ದರೆ, ತುದಿಗಳಿಂದ ದೂರದಲ್ಲಿ ಎಲ್ಲ ಅಡ್ಡಕೊಯ್ತಗಳೂ ಒಂದೇ ತೆರ. ಹಾಗಾಗಿ ಲೆಕ್ಕ ಎರಡು ಆಯಾಮಕ್ಕೆ ಇಳಿಯುತ್ತದೆ. ಲಾಪ್ಲಾಸ್ ಸಮೀಕರಣಕ್ಕೆ ಅಲ್ಲಿ ಸಿಗುವ ಪರಿಹಾರಗಳು rⁿ cos nθ, r⁻ⁿ cos nθ, ಅವುಗಳ sin ರೂಪಗಳು, ಒಂದು ಸ್ಥಿರಾಂಕ ಮತ್ತು ln r. ದೂರದಲ್ಲಿ ವಿಭವ −E₀ r cosθ ಆಗಬೇಕು, ತ್ರಿಜ್ಯ a ಇರುವ ಮೇಲ್ಮೈಯಲ್ಲಿ ಸೊನ್ನೆಯಾಗಬೇಕು. ಎರಡು ಷರತ್ತು ಹಾಕಿದೊಡನೆ ಉತ್ತರ ಬರುತ್ತದೆ:

V = −E₀ (r − a²/r) cosθ

ಇದರಿಂದ ಮೇಲ್ಮೈಯ ಆವೇಶ ಸಾಂದ್ರತೆ σ = 2ε₀E₀ cosθ. ಕ್ಷೇತ್ರದ ನೇರಕ್ಕಿರುವ ಎರಡು ಅಂಚುಗಳಲ್ಲಿ ಕ್ಷೇತ್ರ ಸರಿಯಾಗಿ ಇಮ್ಮಡಿಯಾಗುತ್ತದೆ. ಗೋಳವಾಗಿದ್ದರೆ ಮುಮ್ಮಡಿ. ಸಿಲಿಂಡರಿನ ದಪ್ಪ ಎಷ್ಟೇ ಇರಲಿ, ಈ ‘ಎರಡು’ ಬದಲಾಗುವುದಿಲ್ಲ.

ತಕರಾರು ಇಲ್ಲಿಂದ ಶುರು. ಮೇಲಿನ ಉತ್ತರಕ್ಕೆ −(λ/2πε₀) ln(r/a) ಎಂಬ ಪದವನ್ನು ಕೂಡಿಸಿ ನೋಡಿ. r = a ಇದ್ದಲ್ಲಿ ಅದು ಸೊನ್ನೆ. ಬಹುದೂರದಲ್ಲಿ r ಬೆಳೆಯುವ ವೇಗದ ಮುಂದೆ ln r ಲೆಕ್ಕಕ್ಕೇ ಬರುವುದಿಲ್ಲ, ಅದರ ಕ್ಷೇತ್ರವೂ ಕರಗಿ ಹೋಗುತ್ತದೆ. ಅಂದರೆ λ ಎಷ್ಟೇ ಇರಲಿ ಎರಡೂ ಷರತ್ತು ಪೂರೈಸುತ್ತವೆ. ಉತ್ತರ ಒಂದೇ ಆಗಬೇಕಾದರೆ ಮೂರನೆಯ ಮಾತೊಂದು ಬೇಕು: ಸಿಲಿಂಡರಿನ ಪ್ರತಿ ಮೀಟರಿನ ಮೇಲೆ ಒಟ್ಟು ಆವೇಶ λ ಎಷ್ಟು? ಗ್ರಿಫಿತ್ಸ್ ಅವರ ಜನಪ್ರಿಯ ಪಠ್ಯದಲ್ಲಿ ಗೋಳವನ್ನು ಬಿಡಿಸಿ ತೋರಿಸಲಾಗಿದೆ, ಲೋಹದ ಕೊಳವೆ ವಿದ್ಯಾರ್ಥಿಗೆ ಬಿಟ್ಟ ಅಭ್ಯಾಸ. ವಿದ್ಯಾರ್ಥಿ ಗೋಳದ ದಾರಿಯಲ್ಲೇ ನಡೆದು, ಮೇಲ್ಮೈ ವಿಭವ ಸೊನ್ನೆ ಎಂದುಕೊಂಡು, ಲಾಗರಿದಮ್ ಪದವನ್ನು ಮುಟ್ಟದೆಯೇ ಸರಿಯುತ್ತರ ಮುಟ್ಟುತ್ತಾನೆ. ಆವೇಶವಿಲ್ಲದ ಸಿಲಿಂಡರ್ ಎಂಬ ಷರತ್ತನ್ನು ತಾನು ಬಳಸಿದ್ದೇ ಅವನಿಗೆ ತಿಳಿಯುವುದಿಲ್ಲ.

ಇದರ ಬೆಲೆ ಎಷ್ಟೆಂದು ಒಂದು ಲೆಕ್ಕದಲ್ಲಿ ನೋಡಬಹುದು. 20 ಸೆಂ.ಮೀ. ಅಂತರದ ಎರಡು ತಟ್ಟೆಗಳ ನಡುವೆ 20 ಕಿಲೋವೋಲ್ಟ್ ಕೊಡೋಣ, ಕೆಳಗಿನ ತಟ್ಟೆ ಭೂಮಿಗೆ ಸೇರಿರಲಿ. ಕ್ಷೇತ್ರ ಸೆಂಟಿಮೀಟರಿಗೆ 1 ಕಿಲೋವೋಲ್ಟ್. ನಟ್ಟನಡುವೆ 1 ಸೆಂ.ಮೀ. ತ್ರಿಜ್ಯದ ಸರಳನ್ನು ಅವಾಹಕ ಆಧಾರದ ಮೇಲೆ ಇಟ್ಟರೆ ಅದು ತಾನಾಗಿಯೇ 10 ಕಿಲೋವೋಲ್ಟಿನಲ್ಲಿ ನಿಲ್ಲುತ್ತದೆ. ಅದರ ಮೇಲ್ಮೈಯ ಗರಿಷ್ಠ ಕ್ಷೇತ್ರ 2, ಪುಸ್ತಕ ಹೇಳಿದಂತೆಯೇ.

ಈಗ ಸರಳನ್ನು ತಂತಿಯಿಂದ ಭೂಮಿಗೆ ಸೇರಿಸಿ. ‘ಮೇಲ್ಮೈ ವಿಭವ ಸೊನ್ನೆ’ ಎಂಬ ಮಾತು ಈಗ ಅಕ್ಷರಶಃ ನಿಜ. ಆದರೆ ಸರಳು 10 ಕಿಲೋವೋಲ್ಟ್ ಇಳಿಯಬೇಕಾದರೆ ಅದರ ಮೇಲೆ ಋಣ ಆವೇಶ ಹರಿದು ಬರಲೇಬೇಕು. ಎರಡು ತಟ್ಟೆಗಳ ನಡುವಿನ ತೆಳು ಸರಳಿಗೆ ಆ ಆವೇಶದ ಕ್ಷೇತ್ರ V/[a ln(2D/πa)]. ಇಲ್ಲಿ V ಎಂದರೆ ಆ 10 ಕಿಲೋವೋಲ್ಟ್, D ತಟ್ಟೆಗಳ ಅಂತರ. ಲಾಗರಿದಮ್ ಸುಮಾರು 2.54 ಬರುವುದರಿಂದ ಆ ಕ್ಷೇತ್ರ ಸೆಂಟಿಮೀಟರಿಗೆ ಸುಮಾರು 3.9 ಕಿಲೋವೋಲ್ಟ್. ಮೇಲಿನ ಅಂಚಿನಲ್ಲಿ ಎರಡೂ ಕೂಡಿ 5.9, ಕೆಳಗಿನ ಅಂಚಿನಲ್ಲಿ ಕಳೆದು 1.9. ಇಮ್ಮಡಿಯಾಗಬೇಕಿದ್ದದ್ದು ಆರು ಪಟ್ಟಿಗೆ ಹತ್ತಿರವಾಯಿತು. ಸುತ್ತಲೂ ಆವೇಶ ಒಂದೇ ಚಿಹ್ನೆಯದು, cosθ ಹೇಳುವ ಅರ್ಧ ಧನ, ಅರ್ಧ ಋಣ ಎಲ್ಲೂ ಉಳಿದಿಲ್ಲ. ತಪ್ಪನ್ನು ಗುರುತಿಸುವ ದಾರಿಯೂ ಇದೇ: σ ಅನ್ನು ಸುತ್ತ ಕೂಡಿದಾಗ ಸೊನ್ನೆ ಬಂದರೆ ಆ ಉತ್ತರ ಭೂಮಿಗೆ ಸೇರಿಸಿದ ಈ ಸರಳಿನದಲ್ಲ.

ಇದೇ ಗಣಿತವನ್ನು ಹಿಡಿದ ಇನ್ನೊಂದು ಪರಂಪರೆ ಲಾಗರಿದಮ್ಮನ್ನು ಹಾಗೆ ಬಿಡಲಿಲ್ಲ. ಸಂಕೀರ್ಣ ಚರದಲ್ಲಿ ನಮ್ಮ ವಿಭವ −E₀(z − a²/z) ಎಂಬುದರ ವಾಸ್ತವ ಭಾಗ. ಸಿಲಿಂಡರನ್ನು ಬಳಸಿ ಹರಿಯುವ ಆದರ್ಶ ದ್ರವಕ್ಕೆ U(z + a²/z), ಚಿಹ್ನೆಯೊಂದೇ ವ್ಯತ್ಯಾಸ. 20ನೇ ಶತಮಾನದ ಆರಂಭದಲ್ಲಿ ಕುಟ್ಟಾ ಮತ್ತು ಜುಕೋವ್‌ಸ್ಕಿ ಅದಕ್ಕೆ ಲಾಗರಿದಮ್ ಪದ ಕೂಡಿಸಿ ಅದನ್ನು ಪರಿಚಲನೆ Γ ಎಂದು ಗುರುತಿಸಿದರು. ರೆಕ್ಕೆಯನ್ನು ಮೇಲೆತ್ತುವ ಬಲ ρUΓ ಅದರಿಂದಲೇ ಬಂತು. ಸ್ಥಿರವಿದ್ಯುತ್ತಿನಲ್ಲಿ ಅದರ ಜೋಡಿ λE₀, ಸಿಲಿಂಡರಿನ ಪ್ರತಿ ಮೀಟರಿನ ಮೇಲಿನ ಬಲ. Γ = 4πUa ಆದಾಗ ಹರಿವಿನ ಎರಡು ನಿಶ್ಚಲ ಬಿಂದುಗಳು ಒಂದಾಗುತ್ತವೆ. λ = 4πε₀aE₀ ಆದಾಗ ಮೇಲ್ಮೈಯಲ್ಲಿ ಕ್ಷೇತ್ರ ಸೊನ್ನೆಯಾಗುವ ಎರಡು ಗೆರೆಗಳು ಒಂದಾಗುತ್ತವೆ. ನಮ್ಮ ಭೂಮಿಗೆ ಸೇರಿಸಿದ ಸರಳು ಆ ಮಿತಿಯನ್ನು ಸುಮಾರು ಇಮ್ಮಡಿ ದಾಟಿ ನಿಂತಿದೆ.

ಹಳೆಯ ವಿಧಾನವನ್ನು ಬಿಡಬೇಕಿಲ್ಲ. ಲಾಗರಿದಮ್ ಪದವನ್ನು ಮೊದಲ ಸಾಲಿನಿಂದಲೇ ಬರೆದು, λ ಸೊನ್ನೆಯೋ ಅಲ್ಲವೋ ಎಂದು ಲೆಕ್ಕದಲ್ಲೇ ಕೇಳಿದರೆ ಸಾಕು. ಸರಳು ಬಿಡಿಯಾಗಿ ನಿಂತಿದೆಯೋ ತಂತಿಗೆ ಸೇರಿದೆಯೋ ಎಂಬ ಪ್ರಶ್ನೆಗೆ ಆಗ ಸಮೀಕರಣದಲ್ಲಿ ಜಾಗ ಸಿಗುತ್ತದೆ.