ಕಾಫಿಯ ಚಿತ್ರಕ್ಕೊಂದು ಅಡಿಬರಹ

ವಿದೇಶದಲ್ಲಿ ನೆಲೆಸಿದ ಕನ್ನಡಿಗರು ತಾವೇ ಮಾಡಿಕೊಂಡ ಫಿಲ್ಟರ್ ಕಾಫಿಯ ಚಿತ್ರದ ಕೆಳಗೆ ಬರೆಯುವ ‘ಊರಿನ ನೆನಪು’, ‘ಅಮ್ಮನ ಕೈರುಚಿ’ ಎಂಬ ಮಾತುಗಳು ಎಷ್ಟು ಸವೆದಿವೆಯೆಂದರೆ, ಮೇಲಿನ ಲೋಟದಲ್ಲಿ ಚಹಾ ಇದ್ದರೂ ಅವು ಹಾಗೆಯೇ ಒಪ್ಪುತ್ತವೆ. ಊರು ದೂರವಿದೆ ಎಂಬುದು ಆ ಲೋಟದೊಳಗೇ ಎಲ್ಲಿ ಕಾಣುತ್ತದೆಯೋ ಅದನ್ನು ಬರೆಯುವುದು ಲೇಸು. ಅದು ಕಾಣುವುದು ಪುಡಿಯಲ್ಲಿ ಮತ್ತು ಹಾಲಿನಲ್ಲಿ.

ನ್ಯೂಜೆರ್ಸಿಯ ಎಡಿಸನ್ನಿನ ಅಡುಗೆಮನೆಯೊಂದನ್ನು ಊಹಿಸಿಕೊಳ್ಳಬಹುದು. ಊರಿಂದ ತಂದ ಪುಡಿ ಮುಗಿದ ಮೇಲೆ, ಡ್ರಿಪ್ ಯಂತ್ರಕ್ಕೆಂದು ತರಿಯಾಗಿ ಬೀಸಿದ ಅಲ್ಲಿಯ ಪುಡಿಯನ್ನು ಸ್ಟೀಲ್ ಫಿಲ್ಟರಿಗೆ ಹಾಕಿದರೆ ಬಿಸಿನೀರು ಕೆಲವೇ ನಿಮಿಷಗಳಲ್ಲಿ ಇಳಿದುಬಿಟ್ಟು, ಡಿಕಾಕ್ಷನ್, ಅಂದರೆ ಹಾಲಿಗೆ ಬೆರೆಸಬೇಕಾದ ಗಟ್ಟಿ ಕಷಾಯ, ತೆಳ್ಳಗಾಗುತ್ತದೆ. ಎಸ್ಪ್ರೆಸೊಗೆಂದು ಹಿಟ್ಟಿನಂತೆ ಬೀಸಿದ್ದಾದರೆ ತೂತುಗಳು ಕಟ್ಟಿಕೊಂಡು, ರಾತ್ರಿ ಹೊಯ್ದ ನೀರು ಬೆಳಗಾದರೂ ಮೇಲೆಯೇ ನಿಂತಿರುತ್ತದೆ. ನಡುವಣ ಹದದ ಪುಡಿಗೆ ಚಿಕೋರಿ ಕೂಡಿದಾಗ ಮಾತ್ರ ಡಿಕಾಕ್ಷನ್ ತೊಟ್ಟಿಕ್ಕುತ್ತ ಇಳಿದು ಕಪ್ಪಗೆ, ಗಟ್ಟಿಯಾಗಿ ಸಿಗುತ್ತದೆ.

ಚಿಕೋರಿಯೆಂದರೆ ಹುರಿದು ಪುಡಿಮಾಡಿದ ಒಂದು ಬೇರು. ಅದನ್ನು ಕಲಬೆರಕೆಯೆಂದು ಮೂಗು ಮುರಿಯುವ, ಕಪ್ಪು ಕಾಫಿಯಲ್ಲಿ ಹಣ್ಣುಹೂಗಳ ಪರಿಮಳ ಹುಡುಕುವ ಹೊಸ ಪಂಥದವರೊಂದಿಗೆ ಈ ಅಂಕಣದ ಜಗಳ ಹಳೆಯದು. ಅವರ ಕಾಫಿಗೆ ಹಾಲು ಬೇಕಿಲ್ಲವಾದ್ದರಿಂದ ಚಿಕೋರಿಯೂ ಬೇಕಿಲ್ಲ. ಆದರೆ ಲೋಟದಲ್ಲಿ ಹಾಲೇ ಹೆಚ್ಚಿರುವಾಗ ಅದರ ಸಿಹಿಯನ್ನು ಎದುರಿಸಿ ನಿಲ್ಲುವ ಕಹಿಯೂ ಬಣ್ಣವೂ ಬೇಕಾಗುತ್ತವೆ. ಕದ್ದು ಬೆರೆಸಿದರೆ ಅದು ಕಲಬೆರಕೆ. ಆದರೆ ಭಾರತದಲ್ಲಿ ಮಾರುವ ಇಂಥ ಮಿಶ್ರಣದ ಪೊಟ್ಟಣದ ಮೇಲೆ ಕಾಫಿ ಎಷ್ಟು, ಚಿಕೋರಿ ಎಷ್ಟು ಎಂಬುದನ್ನು ಮುದ್ರಿಸಲೇಬೇಕೆಂಬ ನಿಯಮವಿದೆ.

ಹಾಲಿನ ಮಾತು ಬೇರೆ. ಅಮೆರಿಕದ ಅಂಗಡಿಗಳ ‘ಹೋಲ್ ಮಿಲ್ಕ್’ ಸಾಮಾನ್ಯವಾಗಿ ಸುಮಾರು ಶೇಕಡಾ 3.25 ಕೊಬ್ಬಿನದು, ಮೇಲಾಗಿ ಹೋಮೋಜಿನೈಸ್ ಆದದ್ದು. ಕೊಬ್ಬಿನ ಕಣಗಳನ್ನು ಒತ್ತಡದಿಂದ ಒಡೆದು ಹಾಲಿನಲ್ಲೆಲ್ಲ ಹರಡುವ ಈ ಕ್ರಮದಿಂದಾಗಿ ಕೊಬ್ಬು ಮೇಲಕ್ಕೆ ತೇಲಿಬರುವುದಿಲ್ಲ. ಎಷ್ಟು ಕಾಯಿಸಿದರೂ ದಪ್ಪ ಕೆನೆ ಕಟ್ಟುವುದಿಲ್ಲ. ಅರ್ಧ ಹಾಲು, ಅರ್ಧ ಕೆನೆ ಬೆರೆಸಿ ಮಾರುವ ‘ಹಾಫ್ ಅಂಡ್ ಹಾಫ್’ ಒಂದೆರಡು ಚಮಚ ಸೇರಿಸಿದರೆ ಕಾಫಿಗೆ ಮೈ ಬರುತ್ತದೆ, ಕೆನೆಯ ಪದರವಂತೂ ಬಾರದು. ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ದು ಬರಿಸಿದ ನೊರೆ ಚಿತ್ರದಲ್ಲಿ ಆ ಕೊರತೆಯನ್ನು ಮುಚ್ಚುತ್ತದೆ, ನಾಲಿಗೆಯ ಮೇಲೆ ಮುಚ್ಚುವುದಿಲ್ಲ.

ಆದ್ದರಿಂದ ಅಡಿಬರಹ ಹೀಗಿರಬಹುದು: ‘ಎಂಬತ್ತಕ್ಕೆ ಇಪ್ಪತ್ತರ ಪುಡಿ, ರಾತ್ರಿ ಹಾಕಿಟ್ಟ ಡಿಕಾಕ್ಷನ್, ಎಡಿಸನ್ನಿನ ಹಾಲು, ಕೆನೆ ಮಾತ್ರ ಊರಲ್ಲೇ ಉಳಿಯಿತು.’

ಹೀಗೆ ಬರೆಯುವವರು ಒಂದು ಎಚ್ಚರ ವಹಿಸಬೇಕು. ಅದೇ ಪುಡಿಗೆ ಮತ್ತೆ ನೀರು ಹೊಯ್ದು ಇಳಿಸಿದ ಎರಡನೇ ಡಿಕಾಕ್ಷನ್ನಿನ ಕಾಫಿ ಕೆಂಗಂದು ಬಣ್ಣ ಕಳೆದುಕೊಂಡು ಬೂದು ತಿರುಗುತ್ತದೆ, ಬಲ್ಲವರು ಚಿತ್ರ ನೋಡಿಯೇ ಅದನ್ನು ಗುರುತಿಸುತ್ತಾರೆ; ಅಂಥ ಲೋಟಕ್ಕೆ ಈ ಅಂಕಣದಲ್ಲಿ ಯಾವ ಅಡಿಬರಹವೂ ದೊರೆಯದು.