ಏಣಿ ಸರಿ, ಕಾರಣ ಅರ್ಧ

ಬಿ.ಎಸ್ಸಿ. ಓದಿದವರ ನೋಟ್‌ಬುಕ್ಕಿನಲ್ಲೆಲ್ಲ ಈ ಏಣಿ ಇರುತ್ತದೆ. ಮೇಲಿನ ಮೆಟ್ಟಿಲಲ್ಲಿ ಆಮ್ಲ ಕ್ಲೋರೈಡ್, ಅದರ ಕೆಳಗೆ ಅನ್‌ಹೈಡ್ರೈಡ್, ಆಮೇಲೆ ಎಸ್ಟರ್, ತಳದಲ್ಲಿ ಅಮೈಡ್. ಪಕ್ಕದಲ್ಲಿ ಒಂದು ಸಾಲಿನ ಕಾರಣ: ಕ್ಲೋರೈಡ್ ಸುಲಭವಾಗಿ ಬಿಟ್ಟುಹೋಗುತ್ತದೆ, ಅಮೈಡ್ ಅಯಾನು ಹೋಗಲೊಲ್ಲದು. ಹೈಡ್ರೋಕ್ಲೋರಿಕ್ ಆಮ್ಲದ pKa ಸುಮಾರು −7, ಎಥನಾಲಿನದು 16, ಅಮೋನಿಯಾದ್ದು 38. ಅಂಕಿಗಳು ಏಣಿಗೆ ಅಚ್ಚುಕಟ್ಟಾಗಿ ಹೊಂದುತ್ತವೆ. ನನ್ನ ತಕರಾರು ಏಣಿಯ ಮೇಲಲ್ಲ, ಈ ಅಚ್ಚುಕಟ್ಟಿನ ಮೇಲೆ.

ಕ್ರಿಯೆ ನಡೆಯುವುದು ಎರಡು ಹೆಜ್ಜೆಯಲ್ಲಿ. ಮೊದಲು ನ್ಯೂಕ್ಲಿಯೋಫೈಲ್ ಕಾರ್ಬೊನಿಲ್ ಇಂಗಾಲಕ್ಕೆ ಬಂದು ಸೇರುತ್ತದೆ. ಆಗ ಚಪ್ಪಟೆಯಾಗಿದ್ದ ಇಂಗಾಲ ನಾಲ್ಕು ಕೈಗಳ ಚತುರ್ಮುಖ ಮಧ್ಯಂತರವಾಗುತ್ತದೆ. ಆಮೇಲೆ ಅದು ಕುಸಿದು, ಹಳೆಯ ಗುಂಪನ್ನು ಹೊರಗೆ ಕಳಿಸಿ, ಕಾರ್ಬೊನಿಲ್ ಮತ್ತೆ ಕಟ್ಟಿಕೊಳ್ಳುತ್ತದೆ. ಗುಂಪು ಬಿಟ್ಟುಹೋಗುವುದು ಎರಡನೆಯ ಹೆಜ್ಜೆಯಲ್ಲಿ. ಮೊದಲ ಹೆಜ್ಜೆಯೇ ನಿಧಾನದ್ದಾದರೆ, ಬಿಟ್ಟುಹೋಗುವ ಸುಲಭವು ವೇಗವನ್ನು ಹೇಗೆ ನಿರ್ಧರಿಸೀತು?

ಇದನ್ನು ಬರಿಯ ತರ್ಕದಿಂದಲ್ಲದೆ ಪ್ರಯೋಗದಿಂದ ಕೆಣಕಿದವರು ಮೈರನ್ ಬೆಂಡರ್. 1951ರಲ್ಲಿ ಅವರು ಈಥೈಲ್ ಬೆಂಜೊಯೇಟಿನ ಕಾರ್ಬೊನಿಲ್ ಆಮ್ಲಜನಕಕ್ಕೆ ಗುರುತು ಹಾಕಿದರು, ಅಂದರೆ ಅಲ್ಲಿ ಆಮ್ಲಜನಕ-18 ಇಟ್ಟರು. ಅದನ್ನು ಸಾಮಾನ್ಯ ನೀರಿನಲ್ಲಿ ಜಲವಿಭಜನೆಗೆ ಬಿಟ್ಟು, ಅರ್ಧದಲ್ಲೇ ನಿಲ್ಲಿಸಿ, ಇನ್ನೂ ಕ್ರಿಯೆಗೆ ಸಿಗದೆ ಉಳಿದಿದ್ದ ಎಸ್ಟರನ್ನು ವಾಪಸು ತೆಗೆದು ನೋಡಿದರು. ಉತ್ಪನ್ನವನ್ನಲ್ಲ, ಉಳಿಕೆಯನ್ನು ಪರೀಕ್ಷಿಸಿದ್ದೇ ಇಲ್ಲಿನ ಜಾಣ್ಮೆ. ಆ ಎಸ್ಟರಿನಲ್ಲಿ ಗುರುತು ಸ್ವಲ್ಪ ಕರಗಿಹೋಗಿತ್ತು. ಹೈಡ್ರಾಕ್ಸೈಡ್ ಬಂದು ಸೇರಿ, ಪ್ರೋಟಾನು ಒಂದು ಆಮ್ಲಜನಕದಿಂದ ಇನ್ನೊಂದಕ್ಕೆ ದಾಟುವಷ್ಟು ಹೊತ್ತು ನಿಂತು, ಬಳಿಕ ಗುರುತಿನ ಆಮ್ಲಜನಕವೇ ಹೈಡ್ರಾಕ್ಸೈಡಾಗಿ ಹೊರಬಿದ್ದಿದ್ದರೆ ಮಾತ್ರ ಹೀಗಾಗಲು ಸಾಧ್ಯ. ಒಂದೇ ಏಟಿಗೆ ಒಂದು ಒಳಬಂದು ಇನ್ನೊಂದು ಹೊರಹೋಗುವ ಚಿತ್ರಕ್ಕೆ ಇಲ್ಲಿ ಜಾಗವಿಲ್ಲ. ಮಧ್ಯಂತರ ಇದೆ ಎಂಬುದಕ್ಕೆ ಇದು ಸಾಕ್ಷಿ. ಜಲವಿಭಜನೆಯೂ ಅದೇ ದಾರಿ ಹಿಡಿಯುತ್ತದೆಂಬುದನ್ನು ಇದೊಂದೇ ಸಾಬೀತು ಮಾಡದು ಎಂದು ಕಟ್ಟುನಿಟ್ಟಿನ ಓದುಗ ಹೇಳಬಹುದು, ಅದು ನ್ಯಾಯವಾದ ಮಾತೇ.

ನನಗೆ ಹೆಚ್ಚು ಮುಖ್ಯವೆನಿಸುವುದು ಮುಂದಿನ ಹೋಲಿಕೆ. ಕ್ಷಾರದಲ್ಲಿ ಈ ಎಸ್ಟರಿನ ಜಲವಿಭಜನೆ ಆಮ್ಲಜನಕದ ವಿನಿಮಯಕ್ಕಿಂತ ವೇಗವಾಗಿ ನಡೆಯುತ್ತದೆ. ಮಧ್ಯಂತರ ಕಟ್ಟಿಕೊಂಡ ಮೇಲೆ ಅದು ಹೆಚ್ಚಾಗಿ ಮುಂದಕ್ಕೇ ಕುಸಿಯುತ್ತದೆ, ಹಾಗಾಗಿ ಕಷ್ಟವೆಲ್ಲ ಮೊದಲ ಹೆಜ್ಜೆಯದು. ಬೆಂಜಮೈಡಿನಲ್ಲಿ ಕಥೆ ತಿರುಗುಮುರುಗು. ಅಲ್ಲಿ ವಿನಿಮಯವೇ ವೇಗ: ಹೈಡ್ರಾಕ್ಸೈಡ್ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ, ಸಾರಜನಕ ಮಾತ್ರ ಜಾಗ ಬಿಡುವುದಿಲ್ಲ. ಅಮೈಡಿಗೆ ನೋಟ್‌ಬುಕ್ಕಿನ ಕಾರಣ ಸಲ್ಲುತ್ತದೆ, ಎಸ್ಟರಿಗೆ ಸಲ್ಲದು.

ಹಾಗಿದ್ದರೂ ಏಣಿ ತಪ್ಪಾಗದಿರುವುದು ಏಕೆ? ಕಾರ್ಬೊನಿಲ್ ಇಂಗಾಲದ ಎಲೆಕ್ಟ್ರಾನ್ ಹಸಿವನ್ನು ಪಕ್ಕದ ಪರಮಾಣು ತನ್ನ ಒಂಟಿ ಜೋಡಿ ಕೊಟ್ಟು ತಣಿಸುತ್ತದೆ. ಸಾರಜನಕ ಧಾರಾಳಿ, ಆಮ್ಲಜನಕ ಲೆಕ್ಕಾಚಾರದ ಮನುಷ್ಯ, ಕ್ಲೋರಿನ್ ಕೊಡುವುದಕ್ಕಿಂತ ಸೆಳೆದುಕೊಳ್ಳುವುದೇ ಹೆಚ್ಚು. ಹಸಿವು ತಣಿದಷ್ಟೂ ಮೊದಲ ಹೆಜ್ಜೆ ದುರ್ಗಮ. ಚೆನ್ನಾಗಿ ಕೊಡುವ ಗುಂಪೇ ಬಲವಾದ ಪ್ರತ್ಯಾಮ್ಲವೂ ಆಗಿರುವುದರಿಂದ ಅದೇ ಗುಂಪು ಬಿಟ್ಟುಹೋಗಲೂ ಹಿಂಜರಿಯುತ್ತದೆ. ಎರಡು ಬೇರೆ ಕಾರಣಗಳು ಒಂದೇ ದಿಕ್ಕಿಗೆ ತಳ್ಳುತ್ತವೆ, pKa ಪಟ್ಟಿ ಎರಡರ ಕೀರ್ತಿಯನ್ನೂ ಒಬ್ಬನೇ ಹೊಡೆದುಕೊಳ್ಳುತ್ತದೆ. ಈ ದಾನವನ್ನು ಅವಕೆಂಪು ರೋಹಿತದಲ್ಲಿ ಕಣ್ಣಾರೆ ನೋಡಬಹುದು: ಕಾರ್ಬೊನಿಲ್ ಪಟ್ಟಿ ಆಮ್ಲ ಕ್ಲೋರೈಡಿನಲ್ಲಿ 1800ರ ಆಸುಪಾಸು, ಎಸ್ಟರಿನಲ್ಲಿ 1740, ಅಮೈಡಿನಲ್ಲಿ 1690ರಿಂದ 1650ರವರೆಗೆ ಇಳಿಯುತ್ತದೆ.

ಆ ಎರಡು ಕಾರಣಗಳನ್ನು ಬೇರ್ಪಡಿಸಿ ನೋಡದವರು ಎಡವುವುದು ಪೆನಿಸಿಲಿನ್ ಎದುರಾದಾಗ. ಅದರ ಬೀಟಾ-ಲ್ಯಾಕ್ಟಮ್ ಲೆಕ್ಕಕ್ಕೆ ಒಂದು ಅಮೈಡು, ಏಣಿಯ ತಳದಲ್ಲಿ ಕೂರಬೇಕಾದದ್ದು. ಆದರೆ ನಾಲ್ಕು ಪರಮಾಣುಗಳ ಬಿಗಿ ಉಂಗುರ ಇನ್ನೊಂದು ಉಂಗುರಕ್ಕೆ ಬೆಸೆದಿರುವುದರಿಂದ ಸಾರಜನಕ ಚಪ್ಪಟೆಯಾಗಲಾರದು, ಒಂಟಿ ಜೋಡಿಯನ್ನು ಕಾರ್ಬೊನಿಲ್ಲಿಗೆ ಸರಿಯಾಗಿ ಕೊಡಲಾರದು. ರೋಹಿತದ ಪಟ್ಟಿ 1770ರ ಸುತ್ತ, ಎಸ್ಟರಿಗಿಂತಲೂ ಮೇಲೆ. ಮೊದಲ ಹೆಜ್ಜೆ ಸಲೀಸು. ಎರಡನೆಯದರಲ್ಲಿ ಉಂಗುರ ತೆರೆದುಕೊಂಡರೆ ಬಿಗಿತವೂ ಸಡಿಲವಾಗುತ್ತದೆ.

ಬ್ಯಾಕ್ಟೀರಿಯದ ಕೋಶಭಿತ್ತಿ ಕಟ್ಟುವ ಕಿಣ್ವದ ಸೆರೀನು ಈ ಕಾರ್ಬೊನಿಲ್ಲಿಗೆ ಬಂದು ಸೇರಿ ಉಂಗುರ ಒಡೆದಾಗ ಉಳಿಯುವುದು ಒಂದು ಎಸ್ಟರು. ಏಣಿಯ ಪ್ರಕಾರ ಎಸ್ಟರು ಅಮೈಡಿಗಿಂತ ಚುರುಕು, ನೀರು ಅದನ್ನು ಬೇಗ ಬಿಡಿಸಬೇಕು. ಇಲ್ಲಿ ಅದು ಅಷ್ಟು ನಿಧಾನವಾಗಿ ಬಿಡುತ್ತದೆಂದರೆ ಕಿಣ್ವ ಸತ್ತಂತೆಯೇ. ಸೆರೀನ್ ಬಳಸುವ ಬೀಟಾ-ಲ್ಯಾಕ್ಟಮೇಸ್ ಕಿಣ್ವಗಳಲ್ಲೂ ಮೊದಲು ಇಂಥದೇ ಎಸ್ಟರು ಕಟ್ಟುತ್ತದೆ, ಆದರೆ ಅವು ಅದರ ಮೇಲೆ ನೀರಿನ ಅಣುವೊಂದನ್ನು ಸರಿಯಾದ ಜಾಗದಲ್ಲಿ ಹಿಡಿದು ಹರಿಯಬಿಟ್ಟು ಕ್ಷಣದಲ್ಲಿ ಬಿಡಿಸಿಕೊಳ್ಳುತ್ತವೆ. ಔಷಧಿ ಸೋಲುವುದು ಅಲ್ಲಿ.